ಫಿಶಿಂಗ್ ಪೇಜಿನಲ್ಲಿ ಪಾಸ್‌ವರ್ಡ್ ಹಾಕಿದ ಮೇಲೆ ಮೊದಲು ಏನು, ಆಮೇಲೆ ಏನು: ನನ್ನ ಅನುಭವ

"ಮೊದ್ಲ ಸಿಸ್ಟಮ್ ಫಾರ್ಮ್ಯಾಟ್ ಹೊಡೀರಿ, ಆಮ್ಯಾಲ ಉಳಿದದ್ದು." ಹುಬ್ಬಳ್ಳಿಯಲ್ಲಿ ನಮ್ಮ ಕಂಪ್ಯೂಟರ್ ರಿಪೇರಿ ಲೈನಿನಲ್ಲಿ ಇರುವ ಹೆಚ್ಚಿನವರು ಇದನ್ನೇ ಹೇಳುತ್ತಾರೆ. ನಾನು ಇದನ್ನು ಒಪ್ಪಿಲ್ಲ, ಇವತ್ತಿಗೂ ಒಪ್ಪಲ್ಲ. ಫಾರ್ಮ್ಯಾಟ್ ಹೊಡೆದು, ವಿಂಡೋಸ್ ಹಾಕಿ, ಟ್ಯಾಲಿ ಕೂರಿಸುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತೆ. ಅಷ್ಟು ಹೊತ್ತು ಕಳ್ಳ ಮೇಲ್‌ಬಾಕ್ಸಿನಲ್ಲಿ ಆರಾಮಾಗಿ ಕೂತಿರುತ್ತಾನೆ. ಪಾಸ್‌ವರ್ಡ್ ಹೋಗಿದ್ದು ಫಿಶಿಂಗ್ ಪೇಜಿನ, ಅಂದರೆ ಅಸಲಿಯಂತೆ ಕಾಣುವ ನಕಲಿ ವೆಬ್ ಪೇಜಿನ ಮೂಲಕ, ಕಂಪ್ಯೂಟರಿಗೆ ಏನೂ ಆಗಿಲ್ಲ. ಫೈಲ್ ಡೌನ್‌ಲೋಡ್ ಮಾಡಿ ಓಪನ್ ಮಾಡಿದ್ದರೆ, ಇಲ್ಲಾ ಫೋನಿನಲ್ಲಿ ಎಪಿಕೆ ಅನ್ನೋ ಆ್ಯಪ್ ಫೈಲ್ ಹಾಕಿಕೊಂಡಿದ್ದರೆ ಮಾತ್ರ ಮಾತು ಬೇರೆ. ಆಗ ಆ ಮಷೀನನ್ನು ನೆಟ್ಟಿನಿಂದ ತೆಗೆದು ಪಕ್ಕಕ್ಕಿಡಿ, ಹೊಸ ಪಾಸ್‌ವರ್ಡನ್ನು ಅದರಲ್ಲಿ ಟೈಪ್ ಮಾಡಲೇಬೇಡಿ.

ಈಗ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಕೇಸಿನಲ್ಲಿ ನನ್ನ ಕ್ರಮ ಕೆಲಸ ಮಾಡಿದೆ, ನಾಲ್ಕು ಲಕ್ಷದ ಹತ್ತಿರ ಹತ್ತಿರ ದುಡ್ಡು ಉಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ. ಇದು ಜಿಮೇಲ್ ಲೆಕ್ಕ. ಬೇರೆ ಮೇಲ್ ಇದ್ದವರಿಗೂ ಕ್ರಮ ಅದೇ, ಬಟನ್ ಬೇರೆ ಕಡೆ ಇರುತ್ತೆ ಅಷ್ಟೇ.

ಅಂಗಡಿಯ ಗುಮಾಸ್ತರಿಗೆ ಚೆನ್ನೈ ಪಾರ್ಟಿಯ ಹೆಸರಲ್ಲಿ ಒಂದು ಮೇಲ್ ಬಂತು, ಇನ್‌ವಾಯ್ಸ್ ಫೈಲ್ ಇದೆ, ಲಾಗಿನ್ ಆಗಿ ನೋಡಿ ಅಂತ. ಲಾಗಿನ್ ಆದರು. ಫೈಲ್ ಬರಲಿಲ್ಲ. ಅನುಮಾನ ಬಂದು ನನಗೆ ಫೋನ್ ಮಾಡುವಾಗ ಇಪ್ಪತ್ತು ನಿಮಿಷ ಆಗಿತ್ತೇನೋ. ಇಂಥ ಫೋನ್ ಬಂದಾಗ ನಾನು ಬೈಯಲ್ಲ, ಒಂದೇ ಪ್ರಶ್ನೆ ಕೇಳುತ್ತೇನೆ: "ಏನೇನು ಟೈಪ್ ಮಾಡಿದ್ರಿ, ಎಷ್ಟು ಸಲ?"

ಎಷ್ಟು ಸಲ ಅನ್ನೋದು ಮುಖ್ಯ. ಎಷ್ಟೋ ಕಳ್ಳ ಪೇಜುಗಳು ಮೊದಲ ಸಲ ಸರಿಯಾಗಿ ಹಾಕಿದರೂ "ಪಾಸ್‌ವರ್ಡ್ ತಪ್ಪು" ಅನ್ನುತ್ತವೆ. ಜನ ಏನು ಮಾಡುತ್ತಾರೆ? ಇದಲ್ಲದಿದ್ದರೆ ಅದಿರಬೇಕು ಅಂದುಕೊಂಡು ಇನ್ನೊಂದು ಪಾಸ್‌ವರ್ಡ್ ಹೊಡೆಯುತ್ತಾರೆ. ಅದು ನೆಟ್ ಬ್ಯಾಂಕಿಂಗಿನದೋ, ಜಿಎಸ್‌ಟಿ ಪೋರ್ಟಲಿನದೋ ಆಗಿರುತ್ತೆ. ಎರಡೂ ಕಳ್ಳನಿಗೆ ಸಿಕ್ಕ ಹಾಗಾಯ್ತು. ನಮ್ಮ ಗುಮಾಸ್ತರೂ ಎರಡು ಹಾಕಿದ್ದರು. ಸಾಲದ್ದಕ್ಕೆ ಫೋನಿನಲ್ಲಿ "ನೀವೇನಾ?" ಅಂತ ಬಂದ ಗೂಗಲ್ ಪ್ರಾಂಪ್ಟಿಗೆ ಹೌದು ಅಂತ ಒತ್ತಿದ್ದರು. ಅಲ್ಲಿಗೆ ಗೊತ್ತಾಯ್ತು, ಇದು ಪಾಸ್‌ವರ್ಡ್ ಬರೆದಿಟ್ಟುಕೊಂಡು ಸುಮ್ಮನಾಗುವ ಪೇಜಲ್ಲ, ಹಾಕಿದ್ದನ್ನು ಆ ಕ್ಷಣವೇ ಅಸಲಿ ಗೂಗಲ್‌ಗೆ ದಾಟಿಸಿ, ವಾಪಸ್ ಬರುವ ಸೆಷನ್ ಕುಕಿಯನ್ನು, ಅಂದರೆ ಲಾಗಿನ್ ಆಗಿದೆ ಅನ್ನುವ ಗುರುತನ್ನು ಎತ್ತಿಕೊಳ್ಳುವ ಪೇಜು. ಪಾಸ್‌ವರ್ಡ್ ಆದ ಮೇಲೆ ಫೋನಿನಲ್ಲೂ ಒಪ್ಪಿಗೆ ಕೇಳುವ ಟೂ-ಸ್ಟೆಪ್ ಆನ್ ಇದೆ ಅಂತ ಇಲ್ಲಿ ನೆಮ್ಮದಿಯಾಗಿ ಕೂರೋಕಾಗಲ್ಲ, ಯಾಕೆಂದರೆ ಬಾಗಿಲು ತೆಗೆದುಕೊಟ್ಟಿದ್ದು ನಾವೇ.

ಬ್ಯಾಂಕಿನ ಪಾಸ್‌ವರ್ಡ್, ಕಾರ್ಡ್ ನಂಬರ್, ಒಟಿಪಿ, ಯುಪಿಐ ಪಿನ್ ಇವುಗಳಲ್ಲಿ ಒಂದನ್ನು ಹಾಕಿದ್ದರೂ ಮೇಲ್ ಆಮೇಲೆ. ಮೊದಲು ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸಿ, ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ತಂದ ನಿಯಮದ ಪ್ರಕಾರ ಗ್ರಾಹಕರೇ ಪಾಸ್‌ವರ್ಡ್ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಗ್ರಾಹಕರದು, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ಹಾಗಾಗಿ ದೂರಿನ ನಂಬರ್, ಹೇಳಿದ ಟೈಮ್ ಎರಡನ್ನೂ ಬರೆದಿಟ್ಟುಕೊಳ್ಳಿ. ಗುಮಾಸ್ತರು ಹಾಕಿದ ಎರಡನೇ ಪಾಸ್‌ವರ್ಡ್ ಟ್ರಾನ್ಸ್‌ಪೋರ್ಟ್ ಕಂಪನಿ ಲಾಗಿನ್ನಿನದು, ಪುಣ್ಯಕ್ಕೆ. ಅದನ್ನು ಪಟ್ಟಿಯ ಕೊನೆಗೆ ತಳ್ಳಿದೆ.

ಈಗ ಯಾವ ಡಿವೈಸಿನಿಂದ? ಹೊಸ ಫೋನ್, ನನ್ನ ಲ್ಯಾಪ್‌ಟಾಪ್ ಎಲ್ಲಾ ಬೇಡ. ಆ ಅಕೌಂಟ್ ಮೊದಲಿಂದ ಲಾಗಿನ್ ಆಗಿರುವ, ಅದೇ ಊರಲ್ಲೇ ಇರುವ ಇನ್ನೊಂದು ಫೋನ್ ಬೇಕು. ಗೂಗಲ್ ಪರಿಚಿತ ಡಿವೈಸನ್ನು ಜಾಸ್ತಿ ನಂಬುತ್ತೆ, ಅಕಸ್ಮಾತ್ ರಿಕವರಿಗೆ ಹೋಗಬೇಕಾಗಿ ಬಂದರೆ ಅದೇ ಕೈ ಹಿಡಿಯುತ್ತೆ. ಸಾಹುಕಾರರ ಫೋನ್ ತೆಗೆಸಿದೆ. ಮೇಲ್‌ನಲ್ಲಿರುವ ಯಾವ ಲಿಂಕನ್ನೂ ಒತ್ತದೆ `myaccount.google.com` ಅಂತ ಕೈಯಲ್ಲೇ ಟೈಪ್ ಮಾಡಿಸಿದೆ. ಅದಕ್ಕೂ ಮುಂಚೆ ಹೊಸ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆಸಿದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ಪಾಸ್‌ವರ್ಡ್. ಅದಾದ ತಕ್ಷಣ Your devices ಪುಟಕ್ಕೆ ಹೋಗಿ ಗೊತ್ತಿಲ್ಲದ್ದನ್ನೆಲ್ಲ Sign out. ಈ ಎರಡರ ಕ್ರಮದ ಬಗ್ಗೆ ನಮ್ಮಲ್ಲೇ ಜಗಳ ಇದೆ. ಕಳ್ಳ ಒಳಗಿದ್ದಾನಲ್ಲ, ಮೊದಲು ಅವನನ್ನು ಹೊರಗೆ ಹಾಕಬೇಕು, ಆಮೇಲೆ ಬೀಗ ಬದಲಾಯಿಸಬೇಕು ಅನ್ನೋದು ಕೆಲವರ ವಾದ. ಇದನ್ನು ಒಂದು ಡಮ್ಮಿ ಅಕೌಂಟಿನಲ್ಲಿ ಗೆಳೆಯನನ್ನು ಕೂರಿಸಿಕೊಂಡು ಮಾಡಿ ನೋಡಿದ್ದೇನೆ. ಟೂ-ಸ್ಟೆಪ್ ಆಫ್. ನಾನು ಅವನ ಸೆಷನ್ ಸೈನ್ ಔಟ್ ಮಾಡಿ ಹೊಸ ಪಾಸ್‌ವರ್ಡ್ ಯಾವುದು ಇಡಲಿ ಅಂತ ಯೋಚನೆ ಮಾಡುವಷ್ಟರಲ್ಲಿ ಅವನು ಹಳೆಯದನ್ನೇ ಹಾಕಿ ಮತ್ತೆ ಒಳಗೆ ಬಂದಿದ್ದ, ನಗುತ್ತಾ ಕೂತಿದ್ದ. ಚೀಟಿಯ ಅಭ್ಯಾಸ ಬಂದಿದ್ದು ಅಲ್ಲಿಂದ. ಉಲ್ಟಾ ಮಾಡಿ, ಮೊದಲು ಪಾಸ್‌ವರ್ಡ್ ಬದಲಾಯಿಸಿದಾಗ ಅವನ ಬ್ರೌಸರ್ ತಾನಾಗೇ ಹೊರಗೆ ಬಿತ್ತು.

ಆದರೂ ಆ ಪುಟವನ್ನು ಕಣ್ಣಿಂದ ನೋಡಲೇಬೇಕು. ಪಾಸ್‌ವರ್ಡ್ ಬದಲಾದರೂ ಕೆಲವು ಲಾಗಿನ್ ಉಳಿಯುತ್ತವೆ ಅಂತ ಗೂಗಲ್ಲೇ ಹೇಳುತ್ತೆ, ಲಾಗಿನ್ ಆಗುವಾಗ "ನೀವೇನಾ" ಅಂತ ಕೇಳಲು ಬಳಸುವ ಡಿವೈಸು, ನಾವು ಒಪ್ಪಿಗೆ ಕೊಟ್ಟ ಕೆಲವು ಹೊರಗಿನ ಆ್ಯಪು ಇಂಥವು. ಬ್ಯಾಡಗಿ ಕೇಸಿನಲ್ಲಿ ಒಂದು ಗುರುತಿಲ್ಲದ ವಿಂಡೋಸ್ ಎಂಟ್ರಿ ಇತ್ತು, ಊರೂ ನಮ್ಮದಲ್ಲ. ತೆಗೆಸಿದೆವು.

ಮೂರನೆಯದು ರಿಕವರಿ ನಂಬರ್, ರಿಕವರಿ ಮೇಲ್, ಟೂ-ಸ್ಟೆಪ್ಪಿನ ಕೋಡ್ ಕೊಡುವ ಆಥೆಂಟಿಕೇಟರ್ ಆ್ಯಪ್, ಬೆರಳಚ್ಚು ಇಲ್ಲಾ ಸ್ಕ್ರೀನ್ ಲಾಕಿನಿಂದ ಲಾಗಿನ್ ಆಗಿಸುವ ಪಾಸ್‌ಕೀ. ಇದನ್ನೇ ಮೊದಲು ನೋಡಬೇಕು ಅನ್ನುವವರಿಗೆ ನನ್ನ ಉತ್ತರ ಇಷ್ಟು: ಇವನ್ನು ಬದಲಾಯಿಸಲು ಹೋದರೆ ಗೂಗಲ್ ಸಾಮಾನ್ಯವಾಗಿ ಪಾಸ್‌ವರ್ಡ್ ಮತ್ತೆ ಕೇಳುತ್ತೆ. ಅದು ಬದಲಾಗಿದ್ದರೆ ಕಳ್ಳ ಅಲ್ಲೇ ನಿಲ್ಲುತ್ತಾನೆ, ನಮಗೆ ಸಮಯ ಸಿಗುತ್ತೆ. ಆದರೆ ಅವನು ಮೊದಲೇ ತನ್ನ ಪಾಸ್‌ಕೀ ಸೇರಿಸಿದ್ದರೆ ಅದು ಪಾಸ್‌ವರ್ಡ್ ಬದಲಾಯಿಸಿದ ಮಾತ್ರಕ್ಕೆ ಹೋಗಲ್ಲ, ಕೈಯಾರೆ ತೆಗೆಯಬೇಕು. ಬ್ಯಾಕಪ್ ಕೋಡುಗಳನ್ನೂ ಹೊಸದಾಗಿ ಮಾಡಿಸಿ, ಹೊಸದು ಬಂದ ತಕ್ಷಣ ಹಳೆಯವು ಸಾಯುತ್ತವೆ. ರಿಕವರಿ ನಂಬರನ್ನೇ ಕಳ್ಳ ಬದಲಾಯಿಸಿದ್ದರೂ ಗಾಬರಿ ಬೇಡ. ಏಳು ದಿನದ ತನಕ ಹಳೆ ನಂಬರಿಗೂ ಕೋಡ್ ಕಳಿಸುವ ಅವಕಾಶವನ್ನು ಗೂಗಲ್ ಕೊಡಬಹುದು, ಆ ಏಳು ದಿನ ದಾಟಿಸಬೇಡಿ.

ಇಲ್ಲಿಯವರೆಗೆ ಸುಮಾರು ಹತ್ತು ನಿಮಿಷ. ಎಲ್ಲರೂ ಇಲ್ಲಿಗೆ ಮುಗೀತು ಅಂತ ಎದ್ದು ಹೋಗುತ್ತಾರೆ. ಹುಬ್ಬಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಹಾಗೇ ಆಗಿತ್ತು. ಬೇರೊಬ್ಬರು ಪಾಸ್‌ವರ್ಡ್ ಬದಲಾಯಿಸಿ, ಫಾರ್ಮ್ಯಾಟ್ ಹೊಡೆದು, ಎರಡು ಸಾವಿರ ತಗೊಂಡು ಹೋಗಿದ್ದರು. ಎರಡು ವಾರ ಆದ ಮೇಲೆ ಅಂಗಡಿಗೆ ಬರಬೇಕಿದ್ದ ಎರಡೂಮುಕ್ಕಾಲು ಲಕ್ಷದ ಹತ್ತಿರ ಬೇರೆ ಅಕೌಂಟಿಗೆ ಹೋಯ್ತು. ನನ್ನನ್ನು ಕರೆದಿದ್ದು ಆಮೇಲೆ. ನೋಡಿದರೆ ಫಾರ್ವರ್ಡಿಂಗ್ ಹಾಗೇ ಇದೆ, ಬರುವ ಪ್ರತಿ ಮೇಲ್‌ನ ಕಾಪಿ ಕಳ್ಳನಿಗೆ ಹೋಗುತ್ತಲೇ ಇತ್ತು. ಲಾಗಿನ್ ಆಗುವ ಅಗತ್ಯವೇ ಅವನಿಗೆ ಇರಲಿಲ್ಲ. 1930ಕ್ಕೆ ಹೇಳಿ ಸ್ವಲ್ಪ ದುಡ್ಡು ತಡೆಹಿಡಿಸಿದರು, ಮಿಕ್ಕಿದ್ದು ಆಗಲೇ ಡ್ರಾ ಆಗಿತ್ತು.

ಹಾಗಾಗಿ ನಾಲ್ಕನೆಯದು, ನನ್ನ ಪ್ರಕಾರ ದುಡ್ಡು ಉಳಿಸುವ ಹೆಜ್ಜೆ, ಜಿಮೇಲ್ ಸೆಟ್ಟಿಂಗ್ಸ್. ಇದಕ್ಕೆ ಕಂಪ್ಯೂಟರ್ ಬ್ರೌಸರೇ ಬೇಕು, ಫೋನ್ ಆ್ಯಪಿನಲ್ಲಿ ಎಲ್ಲಾ ಕಾಣಲ್ಲ. See all settings ಒಳಗೆ Filters and Blocked Addresses, ಅದರ ಪಕ್ಕದ Forwarding and POP/IMAP, ಆಮೇಲೆ ಅಕೌಂಟ್ಸ್ ಟ್ಯಾಬಿನಲ್ಲಿ Grant access to your account ಮತ್ತು Send mail as. ಬ್ಯಾಡಗಿಯಲ್ಲಿ ಫಿಲ್ಟರ್ ಸಿಕ್ಕಿತು. ಮೇಲ್‌ನಲ್ಲಿ payment, RTGS ಅಂತ ಇದ್ದರೆ ಇನ್‌ಬಾಕ್ಸಿಗೆ ಬರದೆ, ಓದಿದ ಹಾಗೆ ಗುರುತಾಗಿ ನೇರ ಟ್ರ್ಯಾಶಿಗೆ. ಚೆನ್ನೈ ಪಾರ್ಟಿ ಏನು ಬರೆದರೂ ಅಂಗಡಿಯವರ ಕಣ್ಣಿಗೆ ಬೀಳಬಾರದು ಅಂತ. Send mail as ಒಳಗೆ ರಿಪ್ಲೈ-ಟು ವಿಳಾಸವನ್ನೂ ಬದಲಾಯಿಸಿದ್ದ, ಒಂದೇ ಒಂದು ಅಕ್ಷರ ವ್ಯತ್ಯಾಸ. ಹೆಸರಲ್ಲಿ ಒಂದು 'l' ಜಾಗದಲ್ಲಿ '1'. ಫೋಟೋ ತೆಗೆದಿಟ್ಟುಕೊಂಡು ಎಲ್ಲವನ್ನೂ ಡಿಲೀಟ್ ಮಾಡಿದೆ. ಫೋಟೋ ತೆಗೆಯದೆ ಡಿಲೀಟ್ ಮಾಡಬೇಡಿ, ದೂರು ಕೊಡುವಾಗ ಬೇಕು.

ಆಮೇಲೆ ಅವನು ಏನೇನು ಮಾಡಿದ ಅಂತ ಹುಡುಕಬೇಕು. ಸೆಂಟ್ ಫೋಲ್ಡರ್ ಒಂದನ್ನೇ ನೋಡಿದರೆ ಸಾಲದು, ಕಳಿಸಿ ಅಳಿಸಿರುತ್ತಾನೆ. ಸರ್ಚಿನಲ್ಲಿ ಇವೆರಡನ್ನು ಒಂದಾದ ಮೇಲೆ ಒಂದು ಹಾಕುತ್ತೇನೆ:

```
in:anywhere from:me newer_than:2d
in:anywhere newer_than:2d (password OR OTP OR verify)
```

ಮೊದಲನೆಯದು ನಮ್ಮ ಹೆಸರಲ್ಲಿ ಹೋದದ್ದನ್ನು ಟ್ರ್ಯಾಶ್ ಸಮೇತ ತೋರಿಸುತ್ತೆ. ಎರಡನೆಯದರಲ್ಲಿ ಅವನು ಈ ಮೇಲ್ ಇಟ್ಟುಕೊಂಡು ಬೇರೆ ಯಾವ ಸೈಟಿನ ಪಾಸ್‌ವರ್ಡ್ ರೀಸೆಟ್ ಮಾಡಲು ಹೊರಟಿದ್ದ ಅನ್ನೋದು ಸಿಗುತ್ತೆ. ಟ್ರ್ಯಾಶನ್ನೂ ಖಾಲಿ ಮಾಡಿದ್ದರೆ ಈ ಸರ್ಚಿಗೆ ಏನೂ ಸಿಗಲ್ಲ. ಅದಕ್ಕೆ ನಾನು ಬೇರೆ ಒಂದು ದಾರಿ ಇಟ್ಟುಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ನೋಡಿ. ಬ್ಯಾಡಗಿಯಲ್ಲಿ ಮೊದಲನೆಯದಕ್ಕೇ ಸಿಕ್ಕಿತು: "ನಮ್ಮ ಬ್ಯಾಂಕ್ ಅಕೌಂಟ್ ಆಡಿಟ್‌ನಲ್ಲಿದೆ, ಈ ಸಲದ ಪೇಮೆಂಟ್ ಕೆಳಗಿನ ಅಕೌಂಟಿಗೆ ಹಾಕಿ." ಹಳೆ ಮೇಲ್‌ಗೇ ರಿಪ್ಲೈ ಮಾಡಿದ್ದರಿಂದ ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ.

ಐದನೆಯದು ಫೋನ್. ಮೇಲ್ ಅಲ್ಲ, ಫೋನ್, ಅದೂ ಸಾಹುಕಾರರ ಬಾಯಿಂದಲೇ. "ನಮ್ಮ ಅಕೌಂಟ್ ನಂಬರ್ ಬದಲಾಗಿಲ್ರೀ, ಮೇಲ್ ಬಂದಿದ್ರೆ ನಂಬಬ್ಯಾಡ್ರಿ" ಅಂತ ಅವರು ಹೇಳುವಾಗ ಚೆನ್ನೈನಲ್ಲಿ ಆರ್‌ಟಿಜಿಎಸ್ ಫಾರಂ ಬರೆದು ಸಹಿಗೆ ಇಟ್ಟಿದ್ದರಂತೆ. ಅಲ್ಲೇ ನಿಂತಿತು. ದುಡ್ಡು ಹೋಗಿಬಿಟ್ಟಿದ್ದರೆ ಕಳಿಸಿದ ಪಾರ್ಟಿಯೇ ತಮ್ಮ ಬ್ಯಾಂಕಿಗೆ, 1930ಕ್ಕೆ ಆ ವರ್ಗಾವಣೆಯ ಗುರುತಾದ ಯುಟಿಆರ್ ನಂಬರ್ ಇಟ್ಟುಕೊಂಡು ಹೇಳಬೇಕಾಗುತ್ತಿತ್ತು. ತಾವೇ ಸಹಿ ಹಾಕಿ ಕಳಿಸಿದ ದುಡ್ಡು ಅಂದರೆ ಬ್ಯಾಂಕ್ ಜೊತೆ ವಾದವೂ ಕಷ್ಟ.

ಅಷ್ಟಾದ ಮೇಲೆ ಹೊರಗಿನ ಆ್ಯಪುಗಳ ಪಟ್ಟಿ ನೋಡಿ ಗೊತ್ತಿಲ್ಲದ್ದನ್ನು ತೆಗೆದೆ. ಟ್ರಾನ್ಸ್‌ಪೋರ್ಟ್ ಲಾಗಿನ್ ಪಾಸ್‌ವರ್ಡ್, ಅದನ್ನೇ ಬಳಸಿದ್ದ ಇನ್ನೆರಡು ಕಡೆ ಬದಲಾಯಿಸಿದೆ. `cybercrime.gov.in` ನಲ್ಲಿ ದೂರು. ಪೇಜಿನ ಪೂರ್ತಿ ವಿಳಾಸ ಬ್ರೌಸರ್ ಹಿಸ್ಟರಿಯಲ್ಲೇ ಇತ್ತು. ಫಾರ್ಮ್ಯಾಟ್ ಹೊಡೆದಿದ್ದರೆ ಅದೂ ಹೋಗುತ್ತಿತ್ತು, ಅಲ್ವಾ? ಕೊನೆಗೆ ಸಾಹುಕಾರರ ಸಮಾಧಾನಕ್ಕೆ ವೈರಸ್ ಸ್ಕ್ಯಾನ್ ಓಡಿಸಿದೆ, ಏನೂ ಸಿಗಲಿಲ್ಲ.

ಮಧ್ಯೆ ಒಂದು ಹುಚ್ಚಾಟ. ಕಳ್ಳ ಪೇಜೋ ಅಲ್ವೋ ತಿಳಿಯಲು ಬೇಕಂತಲೇ ತಪ್ಪು ಪಾಸ್‌ವರ್ಡ್ ಹಾಕಿ ನೋಡಿ ಅಂತ ಒಂದು ಸಲಹೆ ಓಡಾಡುತ್ತೆ. ಬೇರೆ ಬೇರೆ ಪೇಜುಗಳಲ್ಲಿ ಡಮ್ಮಿ ಅಕೌಂಟ್ ಇಟ್ಟುಕೊಂಡು ನೋಡಿದೆ. ಹಳೆ ಥರದ ಕೆಲವು ಪೇಜುಗಳು ಏನು ಹಾಕಿದರೂ ಒಪ್ಪುತ್ತವೆ, ಅವು ಸಿಕ್ಕಿಬೀಳುತ್ತವೆ. ದಾಟಿಸುವ ಪೇಜು ಅಸಲಿ ಸೈಟನ್ನೇ ಕೇಳಿ "ತಪ್ಪು" ಅಂತ ಸರಿಯಾಗೇ ಹೇಳುತ್ತೆ, ಆಗ ನಾವೇ ನಂಬಿ ಅಸಲಿ ಪಾಸ್‌ವರ್ಡ್ ಹಾಕುತ್ತೇವೆ. ಈ ಸಲಹೆ ಬಿಟ್ಟುಬಿಡಿ. ಅದೇ ಪೇಜಿನಲ್ಲಿ ಪಾಸ್‌ಕೀ ಕೆಲಸ ಮಾಡಲೇ ಇಲ್ಲ, ಅದು ಅಸಲಿ ಡೊಮೇನಿಗೆ ಮಾತ್ರ ಓಗೊಡುತ್ತೆ. ಆವತ್ತಿಂದ ಪಾರ್ಟಿಗಳಿಗೆ ಪಾಸ್‌ಕೀ ಹಾಕಿಸಿಯೇ ಎದ್ದು ಬರುತ್ತೇನೆ.

ರೇಟ್ ಕೇಳುವವರಿಗೆ: ಪೂರ್ತಿ ಕೆಲಸಕ್ಕೆ ಎರಡೂವರೆ ಸಾವಿರ ತಗೊಂಡೆ. ಮಾರನೇ ದಿನ ಫಿಲ್ಟರ್, ಫಾರ್ವರ್ಡಿಂಗ್ ಪುಟಗಳನ್ನು ಇನ್ನೊಂದು ಸಲ ನೋಡಿ ಬಂದೆ, ಅದಕ್ಕೆ ಏನೂ ತಗೊಂಡಿಲ್ಲ. ಸಾಹುಕಾರರು ಐದು ಕೆಜಿ ಡಬ್ಬಿ ಮೆಣಸಿನಕಾಯಿ ಕಟ್ಟಿಕೊಟ್ಟರು. ಫಾರ್ಮ್ಯಾಟ್ ಹೊಡೀರಿ ಅಂತಿದ್ದ ಗೆಳೆಯ ಹೋದ ವಾರ ತನ್ನ ಒಂದು ಕೇಸಿಗೆ ಫೋನ್ ಮಾಡಿ, "ಫಿಲ್ಟರ್ ಎಲ್ಲಿ ನೋಡೂದೋ?" ಅಂತ ಕೇಳಿದ.