ಟಕ್ ಎನ್ನುವ ಲೈಟರಿನಲ್ಲಿ ಕಿಡಿ ಏಕೆ ಬರುವುದಿಲ್ಲ?

ಕಳೆದ ವರ್ಷ ದೀಪಾವಳಿಗೆ ಮುನ್ನ, ನಮ್ಮ ತುಮಕೂರಿನಲ್ಲಿ ಜಡಿ ಹಿಡಿದು ನಾಲ್ಕು ದಿನ ಬಿಸಿಲೇ ಕಾಣದಿದ್ದಾಗ, ಗುಬ್ಬಿಯಲ್ಲಿರುವ ನನ್ನ ತಂಗಿಯ ಮಗಳು ತನ್ನ ಗ್ಯಾಸ್ ಲೈಟರನ್ನು ಚೀಲದಲ್ಲಿ ಹಾಕಿಕೊಂಡೇ ನಮ್ಮ ಮನೆಗೆ ಬಂದಳು. "ದೊಡ್ಡಮ್ಮ, ತಂದು ಇನ್ನೂ ನಾಲ್ಕು ತಿಂಗಳಾಗಿಲ್ಲ, ಟಕ್ ಟಕ್ ಅನ್ನುತ್ತದೆಯೇ ಹೊರತು ಒಲೆ ಹತ್ತುವುದಿಲ್ಲ, ಬಿಸಾಡಿಬಿಡಲೇ?" ಎಂದು ಕೇಳಿದಳು. ಬಿಸಾಡುವ ಮೊದಲು ಅದರ ಸದ್ದನ್ನು ಕೇಳಬೇಕು, ಆಮೇಲೆ ಅದರ ಕಿಡಿಯನ್ನು ಕತ್ತಲಲ್ಲಿ ನೋಡಬೇಕು ಎಂದು ಹೇಳಿ ಕೂರಿಸಿಕೊಂಡೆ. ಆ ಒಂದು ಲೈಟರಿನಲ್ಲಿ ಎರಡು ದೋಷಗಳು ಒಂದರ ಹಿಂದೆ ಒಂದು ಅಡಗಿದ್ದವು. ಮೂರನೆಯದು ನಮ್ಮ ಮನೆಯ ಹಳೆಯ ಲೈಟರಿನಲ್ಲಿಯೇ ಇತ್ತು.

ಮೊದಲು ಅದರೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಈ ಲೈಟರಿನಲ್ಲಿ ಬ್ಯಾಟರಿಯಿಲ್ಲ, ಕಲ್ಲೂ ಇಲ್ಲ. ಹಿಡಿಯ ಒಳಗೆ ಕಡಲೆಬೀಜದ ಗಾತ್ರದ ಒಂದು ಪಿಂಗಾಣಿಯಂಥ ಹರಳಿರುತ್ತದೆ. ಗುಂಡಿಯನ್ನು ಒತ್ತಿದಾಗ ಸ್ಪ್ರಿಂಗ್ ಬಿಗಿಯುತ್ತಾ ಹೋಗುತ್ತದೆ, ಒತ್ತುವಿಕೆ ಕೊನೆ ಮುಟ್ಟುವ ಹೊತ್ತಿಗೆ ಒಂದು ಸಣ್ಣ ಕಬ್ಬಿಣದ ಸುತ್ತಿಗೆ ತನ್ನ ಕೊಕ್ಕೆಯಿಂದ ಬಿಡಿಸಿಕೊಂಡು ಹರಳಿಗೆ ಹೊಡೆಯುತ್ತದೆ, ಆ ಏಟಿಗೆ ಹರಳಿನಲ್ಲಿ ಕ್ಷಣಮಾತ್ರ ಹತ್ತು ಸಾವಿರ ವೋಲ್ಟಿಗೂ ಹೆಚ್ಚಿನ ವಿದ್ಯುತ್ ಹುಟ್ಟುತ್ತದೆ. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ವೋಲ್ಟ್ ಇಷ್ಟೊಂದಿದ್ದರೂ ಅದರ ಹಿಂದಿರುವ ಶಕ್ತಿ ತೀರಾ ಅಲ್ಪ, ಆದ್ದರಿಂದ ಕೈಗೆ ತಾಗಿದರೆ ಚುರುಕ್ಕೆನ್ನುವುದೇ ಹೊರತು ಬೇರೆ ಅಪಾಯವಿಲ್ಲ. ಈ ವಿದ್ಯುತ್ತು ಕೊಳವೆಯ ನಡುವೆ ಹಾದುಹೋಗುವ ತಂತಿಯ ಮೂಲಕ ತುದಿಗೆ ಬಂದು, ಅಲ್ಲಿಂದ ಹೊರಗಿನ ಸ್ಟೀಲ್ ಕೊಳವೆಯ ಅಂಚಿಗೆ ಗಾಳಿಯಲ್ಲಿ ಹಾರುತ್ತದೆ. ಆ ಹಾರುವಿಕೆಯೇ ನಮಗೆ ಕಾಣುವ ಕಿಡಿ.

ಅಲ್ಪ ಶಕ್ತಿ ಎಂಬ ಮಾತನ್ನು ನೆನಪಿನಲ್ಲಿಡಬೇಕು, ಏಕೆಂದರೆ ಈ ಶಕ್ತಿ ದಾರಿಯಲ್ಲಿ ಸ್ವಲ್ಪ ಸೋರಿದರೂ ತುದಿಗೆ ಏನೂ ಉಳಿಯುವುದಿಲ್ಲ.

ಪರೀಕ್ಷೆಯನ್ನು ಅಡುಗೆಮನೆಯಲ್ಲಿ ಮಾಡಬಾರದು. ಒಲೆಯ ನಾಬನ್ನೂ ಸಿಲಿಂಡರಿನ ರೆಗ್ಯುಲೇಟರನ್ನೂ ಮುಚ್ಚಿ, ಗ್ಯಾಸಿನ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು, ಬೇರೆ ಕೋಣೆಗೆ ಹೋಗಿ ಕಿಟಕಿಯ ಪರದೆ ಎಳೆದು ಕತ್ತಲು ಮಾಡಿಕೊಳ್ಳಬೇಕು. ಆಮೇಲೆ ಲೈಟರಿನ ತುದಿಯನ್ನು ಮುಖದಿಂದ ಒಂದು ಮೊಳ ದೂರ ಹಿಡಿದು ಹತ್ತು ಸಲ ನಿಧಾನವಾಗಿ ಒತ್ತಬೇಕು. ನಿಧಾನವಾಗಿ ಎಂದದ್ದಕ್ಕೆ ಕಾರಣವಿದೆ: ಏಟಿನ ಬಲ ಸ್ಪ್ರಿಂಗಿನಿಂದ ಬರುತ್ತದೆಯೇ ಹೊರತು ನಮ್ಮ ಕೈಯ ವೇಗದಿಂದಲ್ಲ, ಸರಿಯಿರುವ ಲೈಟರು ಎಷ್ಟೇ ಮೆಲ್ಲಗೆ ಒತ್ತಿದರೂ ಕೊನೆಯಲ್ಲಿ ಅದೇ ಗಟ್ಟಿ ಟಕ್ ಎನ್ನುತ್ತದೆ. ಜೋರಾಗಿ ಗುದ್ದಿದರೆ ಮಾತ್ರ ಕಿಡಿ ಬರುತ್ತದೆ ಎನ್ನುವ ಲೈಟರಿನ ಒಳಗೆ ಏನೋ ಸವೆದಿದೆ ಎಂದೇ ತಿಳಿಯಬೇಕು.

ತಂಗಿಯ ಮಗಳ ಲೈಟರು ಹತ್ತಕ್ಕೆ ಹತ್ತು ಸಲವೂ ಗಟ್ಟಿಯಾಗಿಯೇ ಟಕ್ ಎಂದಿತು. ಹಾಗಾಗಿ ಸ್ಪ್ರಿಂಗನ್ನು ಶಂಕಿಸಬೇಕಾಗಿರಲಿಲ್ಲ. ತುದಿಯಲ್ಲಿ ಕಿಡಿಯಿರಲಿಲ್ಲ, ಆದರೆ ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ, ತುದಿಯಿಂದ ಒಂದು ಬೆರಳಿನಷ್ಟು ಒಳಗೆ, ಕೊಳವೆಯ ಸೀಳುಗಳ ನಡುವೆ ಮಸುಕಾದ ನೇರಳೆ ಬಣ್ಣದ ಮಿಣುಕು ಕಂಡಿತು. ವಿದ್ಯುತ್ತು ಹುಟ್ಟುತ್ತಿತ್ತು, ಆದರೆ ತುದಿಯವರೆಗೆ ಬಾರದೆ ಒಳಗೇ ಸೋರಿಹೋಗುತ್ತಿತ್ತು. ನಡುವಿನ ತಂತಿಯನ್ನು ಕೊಳವೆಗೆ ತಾಗದಂತೆ ಹಿಡಿದಿರುವ ಒಂದು ಪ್ಲಾಸ್ಟಿಕ್ ಬಿಲ್ಲೆ ಅಲ್ಲಿರುತ್ತದೆ. ಅದು ಒಣಗಿ ಶುಚಿಯಾಗಿರುವವರೆಗೆ ವಿದ್ಯುತ್ತನ್ನು ತಡೆಯುತ್ತದೆ. ಅದರ ಮೇಲೆ ತೇವದ ಒಂದು ತೆಳುವಾದ ಪದರ ಕೂತರೆ, ಅದರಲ್ಲೂ ಉಪ್ಪು ಬೆರೆತ ತೇವವಾದರೆ, ವಿದ್ಯುತ್ತಿಗೆ ಗಾಳಿಯಲ್ಲಿ ಹಾರುವುದಕ್ಕಿಂತ ಆ ಪದರದ ಮೇಲೆ ಹರಿಯುವುದೇ ಸುಲಭವಾಗುತ್ತದೆ.

ತೇವ ಎಲ್ಲಿಂದ ಬಂತು ಎಂದು ವಿಚಾರಿಸಿದೆ. ಲೈಟರನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆಯೇ ಮಲಗಿಸಿಡುತ್ತಿದ್ದಳು. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಮುದ್ದೆಗೆ ಎಸರಿಟ್ಟಾಗ ಏಳುವ ಹಬೆ, ಉಕ್ಕಿದ ಹಾಲು, ಒಗ್ಗರಣೆಯಿಂದ ಸಿಡಿಯುವ ಎಣ್ಣೆ, ಇವೆಲ್ಲ ಆ ತೆರೆದ ತುದಿಯೊಳಗೆ ಹೋಗುತ್ತವೆ. ಬರೀ ನೀರಾದರೆ ತಾನಾಗಿ ಒಣಗುತ್ತದೆ, ಆದರೆ ಎಣ್ಣೆ ಮತ್ತು ಹಾಲಿನ ಜಿಡ್ಡು ಧೂಳನ್ನು ಹಿಡಿದು, ಮಳೆಗಾಲದ ತೇವವನ್ನೂ ಹೀರಿಕೊಂಡು ಅಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲು ಒಣಬಟ್ಟೆಯಿಂದ ಹೊರಗೆ ಒರೆಸಿ, ಬಿದಿರಿನ ಕಡ್ಡಿಗೆ ಹತ್ತಿಯನ್ನು ಬಿಗಿಯಾಗಿ ಸುತ್ತಿ, ಔಷಧದ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿ, ತಂತಿಯ ಸುತ್ತ ಮೆಲ್ಲಗೆ ತಿರುಗಿಸಿದೆ. ಮೊದಲ ಹತ್ತಿ ಕಂದು ಬಣ್ಣವಾಗಿ ಅಂಟಂಟಾಗಿ ಬಂತು, ಮೂರನೆಯದು ಬೆಳ್ಳಗೆ ಬಂತು. ಸ್ಪಿರಿಟ್ ಬೇಗ ಆರುತ್ತದೆ ಎಂಬುದಕ್ಕಾಗಿಯೇ ಅದನ್ನು ಬಳಸುವುದು; ಆದರೆ ಅದು ಬೆಂಕಿಗೆ ಹತ್ತುವ ವಸ್ತುವಾದ್ದರಿಂದ ಒಲೆಯಿಂದಲೂ ದೇವರ ದೀಪದಿಂದಲೂ ದೂರ ಕುಳಿತು ಈ ಕೆಲಸ ಮಾಡಬೇಕು, ಪೂರ್ತಿ ಒಣಗುವವರೆಗೆ ಗುಂಡಿಯನ್ನು ಒತ್ತಲೇಬಾರದು. ಮಳೆ ಬಿಟ್ಟಿದ್ದರೆ ಎರಡು ಮೂರು ಗಂಟೆ ಬಿಸಿಲಿಗಿಟ್ಟರೆ ಸಾಕಾಗುತ್ತಿತ್ತು. ಅಂದು ಬಿಸಿಲಿರಲಿಲ್ಲವಾದ್ದರಿಂದ ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಟ್ಟೆವು.

ಬೇಗ ಒಣಗಲೆಂದು ಲೈಟರನ್ನು ಕಾದ ಹೆಂಚಿನ ಮೇಲಿಡುವವರನ್ನೂ ಉರಿಯ ಮೇಲೆ ಹಿಡಿಯುವವರನ್ನೂ ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ಲಾಸ್ಟಿಕ್ ಬಿಲ್ಲೆ ಮೆತ್ತಗಾಗಿ ತಂತಿ ವಾಲುತ್ತದೆ, ಕಾವು ಹೆಚ್ಚಾಗಿ ಒಳಕ್ಕೆ ಇಳಿದರೆ ಹರಳೂ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಅದು ಮತ್ತೆ ಬರುವಂಥದ್ದಲ್ಲ.

ಬೆಳಿಗ್ಗೆ ಕತ್ತಲಲ್ಲಿ ನೋಡಿದಾಗ ಒತ್ತಿದಾಗಲೆಲ್ಲ ತುದಿಯಲ್ಲಿ ಕಿಡಿ ಬಂತು. ಅವಳು ಸಂತೋಷದಿಂದ ಒಲೆಯ ಹತ್ತಿರ ಹೋದಳು, ಆದರೆ ಆರು ಸಲ ಒತ್ತಿದರೂ ಒಲೆ ಹತ್ತಲಿಲ್ಲ. ನಾಬ್ ಮುಚ್ಚಿಸಿ, ಕಿಟಕಿ ತೆರೆಸಿ, ಸ್ವಲ್ಪ ಹೊತ್ತು ಕಾಯಿಸಿದೆ. ಅಡುಗೆಯ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಸೇರುತ್ತದೆ, ಹಾಗಾಗಿ ಬಾಗಿಲನ್ನೂ ತೆರೆಯುವುದು ಒಳ್ಳೆಯದು. ಮೂರ್ನಾಲ್ಕು ಸೆಕೆಂಡಿನಲ್ಲಿ ಹತ್ತದ ಒಲೆಗೆ ಮತ್ತೆ ಮತ್ತೆ ಕಿಡಿ ಕೊಡುತ್ತಾ ನಿಲ್ಲಬಾರದು.

ಕಿಡಿಯಿದ್ದೂ ಒಲೆ ಹತ್ತದಿದ್ದರೆ ನೋಡಬೇಕಾದದ್ದು ಕಿಡಿಯ ಉದ್ದ. ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನಡುವೆ ನೇರವಾಗಿ ನಿಲ್ಲಬೇಕಾಗಿದ್ದ ತಂತಿ ಒಂದು ಪಕ್ಕಕ್ಕೆ ವಾಲಿ, ಕೊಳವೆಯ ಅಂಚಿಗೆ ಒಂದು ರಾಗಿ ಕಾಳು ಹಿಡಿಸುವಷ್ಟು ಮಾತ್ರ ಜಾಗ ಉಳಿದಿತ್ತು. ಕಸ ತೆಗೆಯಲೆಂದು ತಾನೇ ಹೇರ್‌ಪಿನ್ ಹಾಕಿ ಕೆದಕಿದ್ದಾಗಿ ಆಮೇಲೆ ಹೇಳಿದಳು. ಅಷ್ಟು ಹತ್ತಿರವಿದ್ದರೆ ಕಿಡಿ ಹಾರುವುದು ಸುಲಭವೇ, ಆದರೆ ಅದು ಸೂಜಿಮೊನೆಯಷ್ಟೇ ಆಗುತ್ತದೆ. ಆ ಕಿಡಿ ಹೊತ್ತಿಸಿದ ಪುಟ್ಟ ಉರಿಯ ಕಾವನ್ನು ಎರಡೂ ಬದಿಯ ಲೋಹ ಹೀರಿಕೊಂಡು, ಉರಿ ಗ್ಯಾಸಿಗೆ ಹರಡುವ ಮೊದಲೇ ಆರಿಹೋಗುತ್ತದೆ. ಅಂತರ ಎರಡು ಮಿಲಿಮೀಟರಿಗಿಂತ ಕಡಿಮೆಯಾದರೆ ಈ ತೊಂದರೆ ಶುರುವಾಗುತ್ತದೆ. ಹಾಗೆಂದು ಅಂತರವನ್ನು ಬಹಳ ಹೆಚ್ಚಿಸುವಂತೆಯೂ ಇಲ್ಲ. ಒಣ ಗಾಳಿಯಲ್ಲಿ ಒಂದು ಮಿಲಿಮೀಟರ್ ಹಾರಲು ಸುಮಾರು 3,000 ವೋಲ್ಟ್ ಬೇಕೆಂಬುದು ಸ್ಥೂಲವಾದ ಲೆಕ್ಕ, ತಂತಿಯ ತುದಿ ಮೊನಚಾಗಿದ್ದರೆ ಅದಕ್ಕಿಂತ ಸ್ವಲ್ಪ ಕಡಿಮೆ ಸಾಕು. ಏಳೆಂಟು ಮಿಲಿಮೀಟರ್ ಬಿಟ್ಟರೆ ನಮ್ಮ ಹರಳಿನ ಶಕ್ತಿ ಸಾಲದೆ, ವಿದ್ಯುತ್ತು ಒಳಗೆ ಬೇರೆ ದಾರಿ ಹುಡುಕುತ್ತದೆ. ಅಡುಗೆಮನೆಯ ಲೈಟರಿಗೆ ಮೂರರಿಂದ ನಾಲ್ಕು ಮಿಲಿಮೀಟರ್, ಎಂದರೆ ಮೂರು ರಾಗಿ ಕಾಳುಗಳನ್ನು ಸಾಲಾಗಿ ಇಟ್ಟಷ್ಟು ಅಂತರ ನನ್ನ ಅನುಭವದಲ್ಲಿ ಚೆನ್ನಾಗಿ ಕೆಲಸ ಮಾಡಿದೆ.

ವಾಲಿದ ತಂತಿಯನ್ನು ಇಕ್ಕಳದಿಂದ ಎಳೆಯಬಾರದು, ಬಿಲ್ಲೆ ಸೀಳುತ್ತದೆ. ಬಿದಿರಿನ ಕಡ್ಡಿಯ ತುದಿಯನ್ನು ತಂತಿಯ ಬುಡದ ಹತ್ತಿರ ಇಟ್ಟು, ಕೂದಲೆಳೆಯಷ್ಟು ತಳ್ಳಿ, ನೋಡಿ, ಮತ್ತೆ ತಳ್ಳಿ, ಹೀಗೆ ನಾಲ್ಕೈದು ಸಲದಲ್ಲಿ ನಡುವಿಗೆ ತಂದೆವು. ಆಗ ಬಂದ ಕಿಡಿ ಉದ್ದವಾಗಿ, ನೀಲಿಯಾಗಿ, ಚಟ್ ಎಂಬ ತನ್ನದೇ ಸದ್ದಿನೊಡನೆ ಬಂತು, ಒಲೆ ಮೊದಲ ಒತ್ತಿಗೇ ಹತ್ತಿತು.

ಇನ್ನು ಸ್ಪ್ರಿಂಗಿನ ವಿಷಯ. ನಮ್ಮ ಮನೆಯಲ್ಲಿ ಆರು ವರ್ಷ ದುಡಿದ ಲೈಟರು ಟಕ್ ಎನ್ನುವುದನ್ನು ಬಿಟ್ಟು ಟುಪ್ ಎನ್ನತೊಡಗಿತ್ತು. ಒತ್ತುವಾಗ ಬೆರಳಿಗೆ ಬಿಗಿ ಸಿಗುತ್ತಿರಲಿಲ್ಲ, ಸುತ್ತಿಗೆ ಅರ್ಧದಾರಿಯಲ್ಲೇ ಬಿಟ್ಟುಕೊಳ್ಳುತ್ತಿತ್ತು, ಬಿಟ್ಟ ಮೇಲೆ ಗುಂಡಿಯೂ ಸೋಮಾರಿಯಂತೆ ಹಿಂದಕ್ಕೆ ಬರುತ್ತಿತ್ತು. ಈ ಮೂರರಲ್ಲಿ ಬಿಗಿ ಇಲ್ಲದಿರುವುದು ಸ್ಪ್ರಿಂಗ್ ಸೋತದ್ದರ ಗುರುತು, ಅರ್ಧದಲ್ಲೇ ಬಿಟ್ಟುಕೊಳ್ಳುವುದು ಸುತ್ತಿಗೆಯನ್ನು ಹಿಡಿದಿಡುವ ಕೊಕ್ಕೆ ಸವೆದದ್ದರ ಗುರುತು. ಗುಂಡಿ ನಿಧಾನವಾಗಿ ಬರುವುದು ಮಾತ್ರ ಕೆಲವೊಮ್ಮೆ ಬರೀ ಜಿಡ್ಡಿನಿಂದಲೂ ಆಗುತ್ತದೆ, ಆಗ ಗುಂಡಿಯ ಸುತ್ತ ಒಣಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ. ಸ್ಪ್ರಿಂಗನ್ನು ಹೊರತೆಗೆದು ಎಳೆದು ಉದ್ದ ಮಾಡಿ ಮತ್ತೆ ಹಾಕುವ ಪದ್ಧತಿಯೊಂದಿದೆ. ನಮ್ಮ ಯಜಮಾನರು ಒಮ್ಮೆ ಹಾಗೆ ಮಾಡಿದ್ದರು. ಎರಡು ವಾರ ಕೆಲಸ ಮಾಡಿತು, ಆಮೇಲೆ ಮೊದಲಿಗಿಂತಲೂ ಕುಗ್ಗಿತು, ಸೋತ ಉಕ್ಕು ಎಳೆದ ಮಾತ್ರಕ್ಕೆ ಬಲ ಪಡೆಯುವುದಿಲ್ಲ. ತುಕ್ಕು ಹಿಡಿದ ಸ್ಪ್ರಿಂಗಂತೂ ಎಳೆದಾಗ ತುಂಡಾಗಿ ಕಣ್ಣಿಗೆ ಹಾರಬಹುದು. ಬಿಡಿ ಸ್ಪ್ರಿಂಗ್ ಅಂಗಡಿಯಲ್ಲಿ ಸಿಗುವುದೂ ಅಪರೂಪ, ಆದ್ದರಿಂದ ಟುಪ್ ಎನ್ನುವ ಲೈಟರಿಗೆ ಹೊಸದೇ ಮದ್ದು. ಇದೇ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆ ಹೇಳಬೇಕು: ಬಾಗಿಲ ಚಿಲಕಕ್ಕೆ ಪೆನ್ಸಿಲ್ ಪುಡಿ ಹಾಕುವಂತೆ ಇದರೊಳಗೂ ಹಾಕಬೇಡಿ. ಪೆನ್ಸಿಲಿನ ಕಪ್ಪು ವಿದ್ಯುತ್ತನ್ನು ಹರಿಸುತ್ತದೆ, ಅದು ಬಿಲ್ಲೆಯ ಮೇಲೆ ಕೂತರೆ ತೇವಕ್ಕಿಂತ ಕೆಟ್ಟ ಸೋರಿಕೆಯಾಗುತ್ತದೆ.

ಸದ್ದು ಗಟ್ಟಿಯಾಗಿದ್ದು, ಒಳಗೆ ಒಣಗಿದ್ದು, ಅಂತರವೂ ಸರಿಯಿದ್ದು, ಕತ್ತಲಲ್ಲಿ ಎಲ್ಲಿಯೂ ಒಂದು ಮಿಣುಕೂ ಕಾಣದಿದ್ದರೆ ಹರಳೇ ಬಿರುಕುಬಿಟ್ಟಿರುವ ಸಂಭವ ಹೆಚ್ಚು. ಲೈಟರು ಎತ್ತರದಿಂದ ಕಲ್ಲುನೆಲಕ್ಕೆ ಬಿದ್ದಿದೆಯೇ ಎಂದು ಮನೆಯವರನ್ನು ಕೇಳಿದರೆ ಉತ್ತರ ಸಿಗುತ್ತದೆ. ಅದಕ್ಕೆ ಮನೆಯಲ್ಲಿ ಮಾಡುವ ರಿಪೇರಿಯಿಲ್ಲ.

ತಂಗಿಯ ಮಗಳು ಈಗ ಒಲೆಯಿಂದ ಒಂದೂವರೆ ಮೊಳ ಪಕ್ಕಕ್ಕೆ, ಹಬೆ ಮತ್ತು ಸಿಂಕಿನ ಹನಿ ತಲುಪದ ಗೋಡೆಗೆ ಮೊಳೆ ಹೊಡೆದು, ಲೈಟರನ್ನು ತುದಿ ಕೆಳಗಾಗುವಂತೆ ತೂಗುಹಾಕಿದ್ದಾಳೆ. ನಮ್ಮ ಮನೆಗೆ ಹೊಸದನ್ನು ತರುವಾಗ ನಾನು ಅಂಗಡಿಯಲ್ಲೇ ಅಂಗೈಯಿಂದ ನೆರಳು ಮಾಡಿ ನಿಧಾನವಾಗಿ ಹತ್ತು ಸಲ ಒತ್ತಿ ನೋಡಿದೆ, ಮೊದಲನೆಯದರಲ್ಲಿ ಏಳೇ ಕಿಡಿ ಬಂತು, ಅದನ್ನು ಹಿಂದಿರುಗಿಸಿ ಹತ್ತಕ್ಕೆ ಹತ್ತು ಕೊಟ್ಟ ಇನ್ನೊಂದನ್ನು ತಂದೆ.