ಮುಖಪುಟದ ಚಿನ್ನದ ಅಕ್ಷರ ಕಾಗದಕ್ಕೆ ಕೂತದ್ದು

ಗದಗಿನ ನಮ್ಮ ಡಿಟಿಪಿ ಅಂಗಡಿಗೆ ಬಂದದ್ದು ಮುಖಪುಟದ ಸ್ಕ್ಯಾನ್ ಮಾತ್ರ, ಲೇಯರ್ ಇರುವ ಫೈಲ್ ಇರಲಿಲ್ಲ. ಉಪಶೀರ್ಷಿಕೆಯ 'ಸಣ್ಣ ಕಥೆಗಳು' ಹೋಗಿ 'ಆಯ್ದ ಕಥೆಗಳು' ಬರಬೇಕಿತ್ತು.

ಹಳೆಯ ಅಕ್ಷರವನ್ನು Photoshop ನ Clone Stamp ನಿಂದ ಅಳಿಸಿದೆ. ಒಂದೇ ನಾರಿನ ಗುರುತು ಮೂರು ಕಡೆ ಕಾಣಿಸಿತು. ಅದನ್ನು ಬಿಟ್ಟು, ಅದೇ ಸಾಲಿನ ಪಕ್ಕದ ಖಾಲಿ ಕಾಗದವನ್ನು ಒಂದೇ ತುಂಡಾಗಿ ತಂದು, ಅಂಚನ್ನು ಮಾಸ್ಕ್‌ನಲ್ಲಿ ಮೆತ್ತಗೆ ಮಾಡಿದೆ. ಬೆಳಕು ಎಡದಿಂದ ಬಲಕ್ಕೆ ಕಂದುತ್ತಿದ್ದರಿಂದ ತುಂಡನ್ನು Curves ನಲ್ಲಿ ತುಸು ಗಾಢ ಮಾಡಬೇಕಾಯಿತು.

ನಿಜವಾದ ತೊಡಕು ಅಕ್ಷರದ ಚಿನ್ನದ ಫಾಯಿಲ್‌ನದು. ಒಂದೇ ಚಿನ್ನದ ಬಣ್ಣ ತುಂಬಿದಾಗ ಲೇಖಕರು, "ಅಕ್ಷರ ಕಾಗದದ ಮ್ಯಾಲ ತೇಲ್ತಾವಲ್ರೀ" ಅಂದರು. ಹೌದು, ಫಾಯಿಲ್‌ನ ಹೊಳಪು ಅಕ್ಷರಕ್ಕೊಂದರಂತೆ ಬದಲಾಗುವುದಿಲ್ಲ, ಇಡೀ ಸಾಲಿನ ಮೇಲೆ ಓರೆಯಾಗಿ ಹರಿಯುತ್ತದೆ. ಮೇಲಿನ ಶೀರ್ಷಿಕೆಯಲ್ಲಿ ಆ ಓರೆಯುದ್ದಕ್ಕೂ ಐದು ಕಡೆ ಬಣ್ಣ ಎತ್ತಿಕೊಂಡು, ಅದೇ ಕೋನದಲ್ಲಿ ಗ್ರೇಡಿಯಂಟ್ ಹಾಕಿದೆ.

ಕೊನೆಗೆ ಕಾಗದದ ತುಂಡಿನ ಪ್ರತಿಯ ಬಣ್ಣ ತೆಗೆದು, High Pass ಅನ್ನು 2 ಪಿಕ್ಸೆಲ್‌ಗೆ ಕೊಟ್ಟು, Overlay ಮಾಡಿ ಅಕ್ಷರಗಳಿಗೆ ಕ್ಲಿಪ್ ಮಾಡಿದೆ. ಸಮತಟ್ಟು ಭಾಗ ನಡುಬೂದು ಆಗುವುದರಿಂದ ಚಿನ್ನ ಕೆಡಲಿಲ್ಲ, ಕಾಗದದ ತರಿ ಮಾತ್ರ ಮೂಡಿತು. ಆದರೆ ಆ ಲೇಯರ್‌ನ Opacity ಪೂರ್ತಿ ಇಟ್ಟರೆ ಲೋಹ ಮರಳುಕಾಗದದಂತಾಗುತ್ತದೆ, 40% ಸಾಕಾಯಿತು. 100% ಗಾತ್ರದಲ್ಲಿ ಶೀರ್ಷಿಕೆಯ ಪಕ್ಕ ಇಟ್ಟು ನೋಡಿಯೇ ಫೈಲ್ ಕಳಿಸಿದೆ.