ಬೇಸಿಕ್ ಕಡಿಮೆ ಇದ್ದರೆ ಎಲ್ಲೆಲ್ಲಿ ಕಡಿತ ಬೀಳುತ್ತೆ: ನನ್ನ ಅನುಭವ

ಭೋಸರಿಯ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದು 2018ರಲ್ಲಿ ಬಿಟ್ಟೆ. ಆಗ ಕೈಗೆ ಬಂದ ಗ್ರಾಚ್ಯುಟಿ 62,308 ರೂಪಾಯಿ. ಸಂಬಳ 40,000 ಇತ್ತು, ಇಷ್ಟೇನಾ ಅಂತ ಅಕೌಂಟ್ಸ್‌ನವರನ್ನು ಕೇಳಿದೆ. ಅವರು ಸ್ಲಿಪ್ ತೋರಿಸಿದರು: ಬೇಸಿಕ್ 12,000, ಉಳಿದದ್ದೆಲ್ಲ ಎಚ್‌ಆರ್‌ಎ, ಕನ್ವೇಯನ್ಸ್, ಸ್ಪೆಷಲ್ ಅಲೋವೆನ್ಸ್. ಲೆಕ್ಕ ಸರಿಯಾಗೇ ಇತ್ತು. ಆಗ ಕೊನೆಯ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15 ದಿನಕ್ಕೆ ಗುಣಿಸಿ, ಆಮೇಲೆ ವರ್ಷಗಳಿಗೆ ಗುಣಿಸುತ್ತಿದ್ದರು. ಬೇಸಿಕ್ 20,000 ಇದ್ದಿದ್ದರೆ ಅದೇ ಒಂಬತ್ತು ವರ್ಷಕ್ಕೆ 1,03,846 ಬರುತ್ತಿತ್ತು.

ನನಗೆ ಬೇಜಾರಾಗಿದ್ದು ಇದಕ್ಕೆ: ಕೊನೆಯ ಬೇಸಿಕ್ಕೇ ಎಲ್ಲ ವರ್ಷಗಳಿಗೂ ಲೆಕ್ಕ. ನನಗೆ ಇನ್‌ಕ್ರಿಮೆಂಟ್ ಕೊಟ್ಟಾಗಲೆಲ್ಲ ಸ್ಪೆಷಲ್ ಅಲೋವೆನ್ಸ್ ಏರಿಸಿ ಬೇಸಿಕ್ ಹಾಗೇ ಬಿಟ್ಟಿದ್ದರು, ನಾನು ಕೈಗೆ ಬಂದ ಮೊತ್ತ ನೋಡಿ ಖುಷಿಪಡುತ್ತಿದ್ದೆ.

ಮುಂದೆ ಚಾಕಣ್‌ನಲ್ಲಿ ಕೆಲಸ ಸಿಕ್ಕಿತು. ಆಫರ್‌ನಲ್ಲಿ ಬೇಸಿಕ್ 13,000 ಇತ್ತು. "ಸರ್, ಒಟ್ಟು ಅಷ್ಟೇ ಇರಲಿ, ಬೇಸಿಕ್ 20,000 ಮಾಡಿ" ಅಂತ ಎಚ್‌ಆರ್‌ಗೆ ಹೇಳಿದೆ. ಪಿಎಫ್‌ಗೆ ನನ್ನ 12% ಪಾಲು 1,560ರಿಂದ 2,400ಕ್ಕೆ ಏರಿತು. ಕಂಪನಿಯ ಪಾಲೂ ಅಷ್ಟೇ, ಆದರೆ ಅದು ಸಿಟಿಸಿ, ಅಂದರೆ ಕಂಪನಿ ನನಗೆ ಒಪ್ಪಿದ ಒಟ್ಟು ಮೊತ್ತದ ಒಳಗೇ ಇರೋದರಿಂದ ಕೈಗೆ ಬರುವ ದುಡ್ಡು ತಿಂಗಳಿಗೆ 1,680 ಕಡಿಮೆಯಾಯಿತು. ಮನೆಯಲ್ಲಿ "ಸಂಬಳ ಇಳಿಸಿಕೊಂಡ್ರಾ?" ಅಂದರು. ಕಂಪನಿಯ ಪಾಲಿನಿಂದ ಪಿಂಚಣಿಗೆ ಹೋಗೋದನ್ನು ಕಳೆದ ಮೇಲೂ ಪಿಎಫ್ ಖಾತೆಗೆ 2,037ರ ಬದಲು 3,550 ಬೀಳತೊಡಗಿತು. ಬಾಡಿಗೆ, ಸಾಲದ ಕಂತು ಹೆಚ್ಚಿದ್ದವರಿಗೆ ಆ 1,680 ದೊಡ್ಡದೇ, ಅವರು ಮೊದಲು ಮನೆಖರ್ಚು ನೋಡಲಿ.

ಒಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಬೇಸಿಕ್ ಎಷ್ಟೇ ಏರಿದರೂ ಪಿಂಚಣಿ ಅಷ್ಟೇ ಏರಲ್ಲ. ಕಂಪನಿಯ ಪಾಲಿನಲ್ಲಿ 8.33% ಪಿಂಚಣಿಗೆ ಹೋಗುತ್ತೆ, ಆದರೆ ಸಾಮಾನ್ಯವಾಗಿ 15,000 ಸಂಬಳದ ಮೇಲೆ ಮಾತ್ರ, ಅಂದರೆ ತಿಂಗಳಿಗೆ 1,250. ಪಿಂಚಣಿ ಅಂದರೆ ಆ ಸಂಬಳದ ಕೊನೆಯ 60 ತಿಂಗಳ ಸರಾಸರಿಯನ್ನು ಸೇವೆಯ ವರ್ಷಗಳಿಗೆ ಗುಣಿಸಿ 70ರಿಂದ ಭಾಗಿಸಿದ್ದು. 18 ವರ್ಷಕ್ಕೆ 12,000 ಬೇಸಿಕ್‌ನಲ್ಲಿ ಸುಮಾರು 3,086, ಮಿತಿಯ 15,000ದಲ್ಲಿ 3,857. ಹಾಗಾಗಿ 15,000ದವರೆಗೆ ಏರಿಸಿಕೊಂಡರೆ ಪಿಂಚಣಿಗೂ ಲಾಭ, ಅದರ ಮೇಲಿನದ್ದು ಪಿಎಫ್ ಮತ್ತು ಗ್ರಾಚ್ಯುಟಿಗೆ.

ಇನ್ನೊಂದು ಮೋಸ ಹೋಗುವ ಜಾಗ ಇದೆ. ಬೇಸಿಕ್ 20,000 ಇದ್ದರೂ ಕೆಲವು ಕಂಪನಿಗಳು ಪಿಎಫ್ ಅನ್ನು 15,000ಕ್ಕೇ ಕಟ್ಟಿ ಸುಮ್ಮನಾಗುತ್ತವೆ, ಸ್ಲಿಪ್‌ನಲ್ಲಿ 1,800 ಕಂಡರೆ ಅದೇ ಅರ್ಥ. ಅದಕ್ಕೇ ನಾನು ಮೊದಲ ತಿಂಗಳೇ ನನ್ನ ಪಿಎಫ್ ಸಂಖ್ಯೆಯಾದ ಯುಎಎನ್‌ನ ಪಾಸ್‌ಬುಕ್‌ನಲ್ಲಿ ಪಿಎಫ್‌ನ EPF Wages ಮತ್ತು ಪಿಂಚಣಿಯ EPS Wages ಎರಡೂ ಕಾಲಂ ನೋಡಿದೆ: ಒಂದರಲ್ಲಿ 20,000, ಇನ್ನೊಂದರಲ್ಲಿ 15,000.